‘ಸ್ವಂತ ವಾಕ್ಯದಲ್ಲಿ ಬರೆಯಿರಿ’ ಅಂದರೆ ಪದ ಬದಲಿಸಿ ತರ್ತಾರೆ. ಮೊದಲ ವರ್ಷದವರಿಗೆ ಹೇಗೆ ಕಲಿಸೋದು?

ತುಂಗಾ ದಡದ ಮೇಷ್ಟ್ರು

ಶಿವಮೊಗ್ಗದ ಒಂದು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ ನಾನು. ಮೊದಲ ಸೆಮಿಸ್ಟರ್ ಮಕ್ಕಳಿಗೆ ಮಂಗನ ಕಾಯಿಲೆ ಬಗ್ಗೆ ಎರಡು ಪುಟದ ಅಸೈನ್‌ಮೆಂಟ್ ಕೊಟ್ಟಿದ್ದೆ. ಓದೋದಕ್ಕೆ ನಾನೇ ಬರೆದ ಮೂರು ಪುಟದ ಟಿಪ್ಪಣಿ ಹಂಚಿದ್ದೆ. ಇದ್ದ ಹಾಗೇ ಇಳಿಸಬೇಡಿ, ಸ್ವಂತ ವಾಕ್ಯದಲ್ಲಿ ಬರೆಯಿರಿ ಅಂತ ಎರಡೆರಡು ಸಲ ಹೇಳಿದ್ದೆ. ನಿಜ ಹೇಳಬೇಕಂದ್ರೆ ಯಾರೂ ಇದ್ದ ಹಾಗೇ ಇಳಿಸಿಲ್ಲ. ಆದರೆ ಬಂದಿರೋದು ಹೀಗಿದೆ.

ಟಿಪ್ಪಣಿಯ ಎರಡನೇ ಪುಟದಲ್ಲಿ ಇದ್ದದ್ದು:

> 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೆ ಒಂದು ಸತ್ತವು. ಸುತ್ತಲಿನ ಹಳ್ಳಿಗಳ ಜನರಿಗೂ ತೀವ್ರ ಜ್ವರ ಬಂತು. ಈ ಕಾಯಿಲೆಯ ವೈರಸ್ ಮನುಷ್ಯನಿಗೆ ಮುಖ್ಯವಾಗಿ ಉಣುಗು ಕಚ್ಚುವುದರಿಂದ ತಗಲುತ್ತದೆ. ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗುಗಳು ಕೆಳಗೆ ಉದುರಿ ಸುತ್ತಲಿನ ನೆಲದಲ್ಲಿ ಸೇರಿಕೊಳ್ಳುತ್ತವೆ. ಹಾಗಾಗಿ ಮಂಗ ಸತ್ತ ಜಾಗದ ಸುತ್ತಮುತ್ತ ಓಡಾಡುವುದು ಅಪಾಯ.

ಒಬ್ಬ ಹುಡುಗ ಬರೆದದ್ದು:

> 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಕಪಿಗಳು ಸಾಲುಸಾಲಾಗಿ ಮರಣ ಹೊಂದಿದವು. ಅಕ್ಕಪಕ್ಕದ ಗ್ರಾಮಗಳ ಜನರಿಗೂ ವಿಪರೀತ ಜ್ವರ ಕಾಣಿಸಿತು. ಈ ರೋಗದ ಬ್ಯಾಕ್ಟೀರಿಯಾ ಮಾನವನಿಗೆ ಕೀಟ ಕಚ್ಚುವುದರಿಂದ ಮಾತ್ರ ಹರಡುತ್ತದೆ. ಕಪಿ ಸತ್ತಾಗ ಅದರ ದೇಹದ ಮೇಲಿದ್ದ ಕೀಟಗಳು ಕೆಳಗೆ ಬಿದ್ದು ಸುತ್ತಲಿನ ಭೂಮಿಯಲ್ಲಿ ಸೇರಿಕೊಳ್ಳುತ್ತವೆ. ಆದ್ದರಿಂದ ಕಪಿ ಸತ್ತ ಸ್ಥಳದ ಸುತ್ತ ಸಂಚರಿಸುವುದು ಅಪಾಯಕಾರಿ.

ಕರೆದು ಕೇಳಿದೆ. ‘ಸರ್, ಒಂದು ವಾಕ್ಯನೂ ನಿಮ್ಮದಲ್ಲ, ಬೇಕಾದ್ರೆ ನೋಡಿ’ ಅಂದ. ಅವನು ಸುಳ್ಳು ಹೇಳ್ತಿಲ್ಲ, ನಿಜವಾಗಿಯೂ ಹಾಗೇ ಅಂದುಕೊಂಡಿದ್ದಾನೆ. ತರಗತಿಯ ಅರ್ಧದಷ್ಟು ಮಕ್ಕಳದ್ದು ಇದೇ ಕಥೆ. ಇದನ್ನ ಕೃತಿಚೌರ್ಯ ಅಂತ ಬೈದರೆ ಅವರಿಗೆ ಅರ್ಥವೇ ಆಗಲ್ಲ. ಹೇಗೆ ಕಲಿಸ್ತೀರಿ ನೀವೆಲ್ಲ?

ಶೇಕಡಾ ಹತ್ತು

ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳೋದು ಬೇಡ ಸರ್. ಯುಜಿಸಿ 2018ರಲ್ಲೇ ನಿಯಮ ಮಾಡಿದೆ. ಶೇ 10ರವರೆಗೆ ಹೋಲಿಕೆ ಇದ್ದರೆ ಪರವಾಗಿಲ್ಲ. ಅದರ ಮೇಲೆ ಹೋದರೆ ಶಿಕ್ಷೆ, ಶೇ 60 ದಾಟಿದರೆ ನೋಂದಣಿಯೇ ರದ್ದು. ಸಾಫ್ಟ್‌ವೇರ್‌ಗೆ ಹಾಕಿ, ಬಂದ ಸಂಖ್ಯೆ ತೋರಿಸಿ. ವಾದನೇ ಇರಲ್ಲ.

ಲೈಬ್ರರಿ ಮೂಲೆ

ಸಾಗರ ಕಡೆಯ ಕಾಲೇಜೊಂದರ ಗ್ರಂಥಪಾಲಕಿ ನಾನು. ಮೊದಲು ಶೇಕಡಾ ಲೆಕ್ಕ ಮುಗಿಸಿಬಿಡೋಣ.

ನೀವು ಹೇಳಿದ ಹಂತಗಳು ಇರೋದು ನಿಜ. ಆದರೆ ಆ ನಿಯಮ ಯಾವ ಬರಹಕ್ಕೆ ಅನ್ವಯಿಸುತ್ತೆ ಅಂತಾನೂ ಅದರಲ್ಲೇ ಹೇಳಿದ್ದಾರೆ. ಸ್ನಾತಕೋತ್ತರ ಮತ್ತು ಸಂಶೋಧನಾ ಪದವಿಯ ಪ್ರಬಂಧ, ಪ್ರಕಟವಾಗುವ ಲೇಖನ, ಪುಸ್ತಕ, ಇಂಥವಕ್ಕೆ. ಅಸೈನ್‌ಮೆಂಟ್, ಪ್ರಾಜೆಕ್ಟ್ ವರದಿ, ಉತ್ತರ ಪತ್ರಿಕೆಗಳನ್ನ ಹೆಸರಿಟ್ಟೇ ಹೊರಗಿಟ್ಟಿದ್ದಾರೆ. ಮೊದಲ ಸೆಮ್ ಹುಡುಗನಿಗೆ ಶೇ 60 ಅಂತ ಹೆದರಿಸೋಕೆ ಆ ನಿಯಮ ಬರಲ್ಲ. ಅವನಿಗೆ ಏನು ಮಾಡಬೇಕು ಅನ್ನೋದನ್ನ ಕಾಲೇಜೇ ತೀರ್ಮಾನ ಮಾಡಬೇಕು.

ಇನ್ನು ಸಾಫ್ಟ್‌ವೇರ್. ಮೇಷ್ಟ್ರ ಟಿಪ್ಪಣಿ ಜೆರಾಕ್ಸ್ ಹಾಳೆಯಲ್ಲಿದೆ, ಅಂತರ್ಜಾಲದಲ್ಲಿ ಇಲ್ಲ. ಸಾಫ್ಟ್‌ವೇರ್ ಅದನ್ನ ಯಾವುದರ ಜೊತೆ ಹೋಲಿಸಬೇಕು? ಇದ್ದಿದ್ದರೂ ಕಾಡು ತೆಗೆದು ಅರಣ್ಯ, ಜಾಗ ತೆಗೆದು ಸ್ಥಳ ಅಂತ ಹಾಕಿದ ವಾಕ್ಯಕ್ಕೆ ಹೋಲಿಕೆ ಕಡಿಮೆ ತೋರಿಸಬಹುದು. ಅದೇ ಉದ್ಧರಣ ಚಿಹ್ನೆ ಹಾಕಿ, ಮೂಲ ಹೇಳಿ, ಸರಿಯಾಗಿ ಬರೆದ ಹುಡುಗಿಗೆ ಜಾಸ್ತಿ ತೋರಿಸಬಹುದು. ಅದು ಹೋಲಿಕೆ ಎಣಿಸುತ್ತೆ ಅಷ್ಟೇ. ಕದ್ದಿದ್ದಾರಾ ಅಂತ ನೋಡೋದು ಓದುವವರ ಕೆಲಸ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತ ಆದರಂತೂ ಕನ್ನಡ ಅಕ್ಷರವೇ ಅದಕ್ಕೆ ಸಿಗಲ್ಲ, ಬರೀ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ ಸಿಗುತ್ತೆ. ಯೂನಿಕೋಡ್‌ಗೆ ಬದಲಿಸದೆ ಹಾಕಿದರೆ ‘ಹೋಲಿಕೆ ಇಲ್ಲ’ ಅಂತ ಬಂದರೂ ಅದಕ್ಕೆ ಬೆಲೆ ಇಲ್ಲ.

ಈಗ ನಿಮ್ಮ ಹುಡುಗನ ಪ್ಯಾರಾಕ್ಕೆ ಬರ್ತೀನಿ. ನಾನು ಮಾಡೋದು ಒಂದೇ ಕೆಲಸ. ಎರಡೂ ಪ್ಯಾರಾಗಳನ್ನ ಬೋರ್ಡಿನ ಮೇಲೆ ವಾಕ್ಯಕ್ಕೆ ವಾಕ್ಯ ಎದುರುಬದುರು ಬರೆಸ್ತೀನಿ. ಬದಲಾದ ಪದಕ್ಕೆ ಮಾತ್ರ ಅವರೇ ಗೆರೆ ಎಳೀಬೇಕು. ಆಮೇಲೆ ಗೆರೆ ಎಳೆದ ಪದಗಳನ್ನ ಅಳಿಸಿ ಅಂತೀನಿ. ಉಳಿಯೋದೇನು? ‘…ದಲ್ಲಿ …ಗಳು …ವು. …ಜನರಿಗೂ …ಜ್ವರ. ಈ …ದ … …ಗೆ … ಕಚ್ಚುವುದರಿಂದ.’ ಎರಡೂ ಕಡೆ ಅದೇ ಅಸ್ಥಿಪಂಜರ. ಯಾವುದರ ಮುಂದೆ ಯಾವುದು ಹೇಳಬೇಕು, ಯಾವುದಕ್ಕೆ ಯಾವುದು ಕಾರಣ ಅಂತ ಯೋಚನೆ ಮಾಡಿದ್ದು ಮೇಷ್ಟ್ರು. ಹುಡುಗ ಮಾಡಿದ್ದು ಬಟ್ಟೆ ಬದಲಿಸಿದ ಕೆಲಸ ಮಾತ್ರ. ಕೊನೆಗೆ ಮೂಲದ ಹೆಸರೂ ಇಲ್ಲ. ಇಷ್ಟು ನೋಡಿದ ಮೇಲೆ ‘ಒಂದು ವಾಕ್ಯನೂ ನಿಮ್ಮದಲ್ಲ’ ಅನ್ನೋ ಮಾತು ತಾನಾಗೇ ನಿಲ್ಲುತ್ತೆ.

ಇದಕ್ಕಿಂತ ಮಕ್ಕಳಿಗೆ ಬೇಗ ನಾಟೋದು ಇನ್ನೊಂದಿದೆ. ಪದ ಬದಲಿಸೋ ಭರದಲ್ಲಿ ಅವನು ವಿಷಯವನ್ನೇ ಕೆಡಿಸಿದ್ದಾನೆ. ವೈರಸ್ ಇದ್ದದ್ದು ಬ್ಯಾಕ್ಟೀರಿಯಾ ಆಯ್ತು. ಉಣುಗು ಇದ್ದದ್ದು ಕೀಟ ಆಯ್ತು. ಉಣುಗಿಗೆ ಎಂಟು ಕಾಲು, ಅದು ಜೇಡ ಚೇಳುಗಳ ಕಡೆಯದು, ಕೀಟವೇ ಅಲ್ಲ. ಎಲ್ಲಕ್ಕಿಂತ ದೊಡ್ಡದು, ‘ಮುಖ್ಯವಾಗಿ’ ಅನ್ನೋದು ಹಾರಿಹೋಗಿ ‘ಮಾತ್ರ’ ಬಂದು ಕೂತಿದೆ. ಮೂಲ ಹೇಳಿದ್ದು ಉಣುಗು ದೊಡ್ಡ ದಾರಿ ಅಂತ. ಇವನು ಅದೊಂದೇ ದಾರಿ ಅಂದುಬಿಟ್ಟ. ಕಾಯಿಲೆ ಬಂದ ಮಂಗವನ್ನ, ಈಗಷ್ಟೇ ಸತ್ತ ಮಂಗವನ್ನ ಮುಟ್ಟಿದರೂ ತಗಲಬಹುದು. ಇವನ ಪ್ಯಾರಾ ನಂಬಿಕೊಂಡು, ಉಣುಗು ಇಲ್ಲ ಅಂತ ಯಾರಾದರೂ ಸತ್ತ ಮಂಗವನ್ನ ಕೈಯಲ್ಲಿ ಎತ್ತಿದರೆ?

ಹಾಗಾಗಿ ನಾನು ಅವರಿಗೆ ಹೇಳೋದು ಇಷ್ಟು. ಶಾಸ್ತ್ರದ ಪದ, ಊರಿನ ಹೆಸರು, ಇಸವಿ ಇವನ್ನ ಬದಲಿಸಬೇಡಿ, ಅವು ಯಾರ ಸೊತ್ತೂ ಅಲ್ಲ. ಬದಲಾಗಬೇಕಾದ್ದು ವಾಕ್ಯದ ಕಟ್ಟು ಮತ್ತು ಹೇಳುವ ಕ್ರಮ. ‘ಮುಖ್ಯವಾಗಿ, ಸಾಮಾನ್ಯವಾಗಿ, ಕೆಲವು, ಬಹುದು’ ಥರದ ಚಿಕ್ಕ ಪದಗಳ ಅರ್ಥ ಮಾತ್ರ ಕೂದಲೆಳೆಯಷ್ಟೂ ಸರಿಯಬಾರದು.

ಬಿಎಸ್ಸಿ ಫಸ್ಟ್ ಸೆಮ್

ಸರ್, ಮೇಡಂ, ಒಂದು ಡೌಟು. ನಮ್ಮ ಕೆಮಿಸ್ಟ್ರಿ ರೆಕಾರ್ಡಲ್ಲಿ ಪ್ರೊಸೀಜರ್ ಎಲ್ಲರದ್ದೂ ಒಂದೇ ಇರುತ್ತೆ. ಮ್ಯಾನ್ಯುಅಲ್ ನೋಡಿಯೇ ಬರೀರಿ ಅಂತಾರೆ. ಹಾಗಾದ್ರೆ ಇಡೀ ಕ್ಲಾಸೇ ಕಳ್ಳರಾ?

ಲೈಬ್ರರಿ ಮೂಲೆ

ಅಲ್ಲಪ್ಪಾ. ಮ್ಯಾನ್ಯುಅಲ್ ನೋಡಿ ಬರೀರಿ ಅಂತ ಹೇಳಿದ್ದೇ ಮೇಷ್ಟ್ರು. ಓದೋ ಅವರಿಗೂ ಅದು ಮ್ಯಾನ್ಯುಅಲ್‌ದು ಅಂತ ಗೊತ್ತು. ಅಲ್ಲಿ ಯಾರಿಗೂ ಮೋಸ ಇಲ್ಲ. ಆದರೆ ಟೈಟ್ರೇಶನ್‌ನಲ್ಲಿ ಪಕ್ಕದವನ ಬ್ಯೂರೆಟ್ ರೀಡಿಂಗ್ ನೋಡಿ ನಿನ್ನದು ಅಂತ ಬರೆದರೆ ಅದು ಬೇರೆ ಥರದ ತಪ್ಪು, ಮೂಲ ಹೇಳಿ ಸರಿಮಾಡೋಕೆ ಬರಲ್ಲ. ನೋಡದೇ ಇದ್ದದ್ದನ್ನ ನೋಡಿದೆ ಅಂದ ಹಾಗೆ.

ಬಿಎಸ್ಸಿ ಫಸ್ಟ್ ಸೆಮ್

ಎಲ್ಲರೂ ಅದನ್ನೇ ಮಾಡ್ತಾರೆ ಮೇಡಂ 🙂 ಆಯ್ತು, ಸುಮ್ನಿರ್ತೀನಿ.

ತುಂಗಾ ದಡದ ಮೇಷ್ಟ್ರು

ಮೇಡಂ, ಎದುರುಬದುರು ಬರೆಸೋದು ಚೆನ್ನಾಗಿದೆ. ಆದರೆ ತಪ್ಪು ತೋರಿಸಿದ ಮೇಲೆ ಸರಿ ಹೇಗೆ ಬರೆಯೋದು ಅಂತ ತೋರಿಸಬೇಕಲ್ವಾ? ಅಲ್ಲೇ ನಾನು ನಿಲ್ಲೋದು.

ಲೈಬ್ರರಿ ಮೂಲೆ

ಹಾಳೆ ಮುಂದೆ ಇಟ್ಟುಕೊಂಡು ಬರೆಯೋದೇ ತೊಂದರೆಯ ಬುಡ. ಕಣ್ಣು ಅಲ್ಲಿದ್ದರೆ ಕೈ ಅದರ ಹಿಂದೆಯೇ ಹೋಗುತ್ತೆ. ಆದ್ದರಿಂದ ಓದಿಸಿ, ಹಾಳೆ ಮಗುಚಿ ಇಡಿಸಿ. ಆಮೇಲೆ ‘ಪ್ಯಾರಾ ಬರೀರಿ’ ಅನ್ನಬೇಡಿ, ಒಂದು ಪ್ರಶ್ನೆ ಕೊಡಿ. ಆ ಪ್ರಶ್ನೆ ಮೂಲದಲ್ಲಿ ಇರೋ ಕ್ರಮದಲ್ಲಿ ಇರಬಾರದು. ನಾನು ನಿಮ್ಮ ಟಿಪ್ಪಣಿಗೆ ಕೊಡೋದಾದರೆ, ‘ಸತ್ತ ಮಂಗದ ಹತ್ತಿರ ಯಾಕೆ ಹೋಗಬಾರದು?’ ಅಂತ ಕೇಳ್ತೀನಿ. ನಿಮ್ಮ ಕೊನೆಯ ವಾಕ್ಯದಿಂದ ಶುರು ಮಾಡಿದ ಹಾಗೆ. ಆಗ ಅವರು ಹಿಂದಕ್ಕೆ ಹೋಗಿ ಕಾರಣ ಹುಡುಕಬೇಕು, ಕಟ್ಟು ತಾನಾಗೇ ಬದಲಾಗುತ್ತೆ. ಹೀಗೆ ಬರಬಹುದು:

> ಕಾಡಿನಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗಬಾರದು ಎನ್ನುವುದಕ್ಕೆ ದೊಡ್ಡ ಕಾರಣ ಉಣುಗು. ವೈರಸ್ ಜನರಿಗೆ ಹೆಚ್ಚಾಗಿ ಬರುವುದು ಅದರ ಕಡಿತದಿಂದ, ಮತ್ತು ಸತ್ತ ಮಂಗದ ಮೈಬಿಟ್ಟ ಉಣುಗುಗಳು ಆಸುಪಾಸಿನಲ್ಲೇ ಇರುತ್ತವೆ (ತರಗತಿ ಟಿಪ್ಪಣಿ, ಪು. 2). ನಮ್ಮೂರಿನಲ್ಲಿ ಕೊಟ್ಟಿಗೆಗೆ ತರಗೆಲೆ ತರಲು ಹೋಗುವವರು ಬಗ್ಗಿ ಗುಡಿಸುವುದು ಇಂಥ ನೆಲವನ್ನೇ.

1957 ಇಲ್ಲ ನೋಡಿ. ಪ್ರಶ್ನೆಗೆ ಬೇಕಿಲ್ಲ, ಬಿಟ್ಟಿದೆ. ಉಣುಗು ಉಣುಗಾಗೇ ಇದೆ, ವೈರಸ್ ವೈರಸ್ಸಾಗೇ ಇದೆ. ‘ಮುಖ್ಯವಾಗಿ’ ಹೋಗಿ ‘ಹೆಚ್ಚಾಗಿ’ ಬಂದರೂ ಅರ್ಥ ಸರಿದಿಲ್ಲ. ಬರೆದ ಮೇಲೆ ಹಾಳೆ ತೆಗೆದು ಇಷ್ಟನ್ನೇ ಪರೀಕ್ಷೆ ಮಾಡಿಸಿ.

ಬ್ರಾಕೆಟ್ ಎಲ್ಲಿದೆ ಅಂತಾನೂ ನೋಡಿ, ಮಕ್ಕಳು ಎಡವೋದು ಅಲ್ಲೇ. ಅದು ಎರಡನೇ ವಾಕ್ಯದ ಕೊನೆಯಲ್ಲಿದೆ, ಪ್ಯಾರಾದ ಕೊನೆಯಲ್ಲಿ ಅಲ್ಲ. ತರಗೆಲೆಯ ಮಾತು ಹುಡುಗನ ಸ್ವಂತದ್ದು. ಬ್ರಾಕೆಟ್ ಅದರ ಆಚೆಗೆ ಹೋದರೆ, ಮೇಷ್ಟ್ರು ಹೇಳದ ಮಾತನ್ನ ಮೇಷ್ಟ್ರ ತಲೆಗೆ ಕಟ್ಟಿದ ಹಾಗಾಗುತ್ತೆ. ಈಚೆಯ ಗಡಿಗೂ ಇದೇ ತೊಂದರೆ. ಮೊದಲ ವಾಕ್ಯದ ವಿಷಯ ಯಾರದ್ದು ಅಂತ ಓದುವವರಿಗೆ ಅನುಮಾನ ಬರಬಹುದು ಅನಿಸಿದರೆ ‘ತರಗತಿ ಟಿಪ್ಪಣಿಯ ಪ್ರಕಾರ’ ಅಂತ ಶುರು ಮಾಡಲಿ. ಎಲ್ಲಿಂದ ಎಲ್ಲಿಯವರೆಗೆ ಸಾಲ ಅನ್ನೋದು ಕಾಣಬೇಕು.

ಇಷ್ಟು ಚೆನ್ನಾಗಿ ಬರೆದು ಬ್ರಾಕೆಟ್ ಬಿಟ್ಟರೆ? ಆಗಲೂ ತಪ್ಪೇ. ಇದು ಮಕ್ಕಳಿಗೆ ಅನ್ಯಾಯ ಅನಿಸುತ್ತೆ. ‘ಎಲ್ಲ ನಾನೇ ಬರೆದೆ, ಇನ್ನೂ ಯಾಕೆ ಅವರ ಹೆಸರು’ ಅಂತ ಕೇಳ್ತಾರೆ. ವಾಕ್ಯ ನಿನ್ನದು, ವಿಷಯ ನಿನಗೆ ಎಲ್ಲಿಂದ ಬಂತು ಅಂತ ತಿರುಗಿ ಕೇಳಿ.

ಘಟ್ಟದ ಮೇಲಿನ ಇಂಗ್ಲಿಷ್ ಮೇಡಂ

ನಿಮ್ಮ ಉದಾಹರಣೆಯಲ್ಲಿ ಮೂಲ ಕನ್ನಡದಲ್ಲೇ ಇದೆ, ಹಾಗಾಗಿ ಸಿಕ್ಕಿಬಿದ್ದರು. ನನ್ನ ತರಗತಿಯಲ್ಲಿ ಆಗೋದು ಬೇರೆ. ಇಂಗ್ಲಿಷ್ ವೆಬ್‌ಸೈಟ್ ತೆಗೆದು ಪ್ಯಾರಾಕ್ಕೆ ಪ್ಯಾರಾ ಕನ್ನಡಕ್ಕೆ ತಿರುಗಿಸ್ತಾರೆ. ‘ಕನ್ನಡ ನನ್ನದೇ ಅಲ್ವಾ ಮೇಡಂ’ ಅಂತಾರೆ. ಕನ್ನಡ ಮಾತ್ರ ಅವರದ್ದು. ವಿಚಾರ, ಕ್ರಮ, ಕೊಟ್ಟ ಉದಾಹರಣೆ ಎಲ್ಲ ಅಲ್ಲಿಯದು. ಇಂಥದ್ದನ್ನ ಹಿಡಿಯೋಕೆ ನಾನು ನೋಡೋದು ವಾಕ್ಯದ ನಡಿಗೆ. ಕನ್ನಡದಲ್ಲಿ ಯಾರೂ ಬರೆಯದ ‘ಇದು ಗಮನಿಸಬೇಕಾದ ಮುಖ್ಯವಾದದ್ದು ಏನೆಂದರೆ’ ಥರದ್ದು ಸಾಲಾಗಿ ಬಂದರೆ ಕಿವಿ ನೆಟ್ಟಗಾಗುತ್ತೆ. ಕರೆದು ಒಂದು ಪದದ ಅರ್ಥ ಕೇಳಿದರೆ ಸಾಕು.

ನಾನು ಅವರಿಗೆ ಹೇಳೋದು, ಅನುವಾದ ಮಾಡಿದ್ದು ಒಳ್ಳೇ ಕೆಲಸ, ಬಚ್ಚಿಡಬೇಡಿ. ಇಂಗ್ಲಿಷ್ ಮೂಲದ ಹೆಸರು ಹಾಕಿ, ಪಕ್ಕದಲ್ಲಿ ‘ಅನುವಾದ ನನ್ನದು’ ಅಂತ ಬರೀರಿ. ವಾಕ್ಯಕ್ಕೆ ವಾಕ್ಯ ತಿರುಗಿಸಿದ್ದರೆ ಉದ್ಧರಣ ಚಿಹ್ನೆ ಒಳಗೆ ಇಡಿ.

ಆದರೆ ಮೇಷ್ಟ್ರೇ, ನೀವು ತುಂಬಾ ಮೆದು. ಒಂದು ಸಲ ಹೇಳಿದ ಮೇಲೂ ಮೂಲ ಬರೆಯದಿದ್ದರೆ ಸೊನ್ನೆ ಕೊಡಿ. ಮೊದಲ ಸೆಮ್‌ನಲ್ಲಿ ಬಿಟ್ಟರೆ ಕೊನೆಯ ವರ್ಷದ ಪ್ರಾಜೆಕ್ಟನ್ನ ಜೆರಾಕ್ಸ್ ಅಂಗಡಿಯಿಂದಲೇ ತರ್ತಾರೆ.

ತುಂಗಾ ದಡದ ಮೇಷ್ಟ್ರು

ಸೊನ್ನೆ ಕೊಡೋದು ಕಷ್ಟ ಅಲ್ಲ ಮೇಡಂ. ಪಿಯುಸಿ ತನಕ ನೋಟ್ಸ್‌ನಲ್ಲಿ ಇದ್ದದ್ದನ್ನ ಇದ್ದ ಹಾಗೇ ಬರೆದವನಿಗೇ ನಾವು ಪೂರ್ತಿ ಅಂಕ ಕೊಟ್ಟಿದ್ದೀವಿ. ಈಗ ಅದೇ ಕೆಲಸಕ್ಕೆ ಸೊನ್ನೆ ಅಂದರೆ ಅವನಿಗೆ ಏನು ಅನಿಸಬೇಡ? ಮೊದಲ ಸಲ ತಿದ್ದಿ ಮತ್ತೆ ಬರೆಸೋದು, ಎರಡನೇ ಸಲ ಅಂಕ ಕಳೆಯೋದು ಅಂತಿದ್ದೀನಿ.

ಘಟ್ಟದ ಮೇಲಿನ ಇಂಗ್ಲಿಷ್ ಮೇಡಂ

ನೋಡೋಣ. ನನಗೆ ನಂಬಿಕೆ ಇಲ್ಲ.

ಹೊಸನಗರ ಅಡಿಕೆ ತೋಟ

ನಾನು ಮೇಷ್ಟ್ರಲ್ಲ, ಕೃಷಿಕ. ಮಗಳು ಬಿಎ ಮೊದಲ ವರ್ಷ. ಅಡಿಕೆ ಕೊಳೆರೋಗದ ಬಗ್ಗೆ ಬರೀಬೇಕು ಅಂತ ನನ್ನನ್ನೇ ಕೂರಿಸಿ ಕೇಳಿದಳು. ಮೈಲುತುತ್ತು ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು 100 ಲೀಟರ್ ಅಂತ ಬೋರ್ಡೋ ದ್ರಾವಣದ ಲೆಕ್ಕ ಹೇಳಿದೆ. ಹೊಳೆ ಕಡೆಯ ತಗ್ಗಿನ ಮರಗಳಿಗೆ ನಮ್ಮಲ್ಲಿ ಮೊದಲು ಕೊಳೆ ಬರುತ್ತೆ, ಅಲ್ಲಿಂದಲೇ ಔಷಧಿ ಹೊಡೆಯೋಕೆ ಶುರು ಮಾಡ್ತೀವಿ ಅಂತಾನೂ ಹೇಳಿದೆ. ಈಗ ಮೂಲ ಎಲ್ಲಿ ಅಂತ ಕೇಳಿದ್ದಾರಂತೆ. ಅಪ್ಪ ಹೇಳಿದ್ದಕ್ಕೆ ಯಾವ ಪುಟ ಸಂಖ್ಯೆ ಹಾಕೋದು? ಅಡಿಕೆ ತೋಟ ಇರೋ ಎಲ್ಲರಿಗೂ ಗೊತ್ತಿರೋದಕ್ಕೆ ಮೂಲ ಬೇಕಾ? ನನ್ನ ಮಗಳು ಕದ್ದಳು ಅಂತಾನಾ ಅವರ ಮಾತು?

ಶೇಕಡಾ ಹತ್ತು

ಸಾಮಾನ್ಯ ಜ್ಞಾನಕ್ಕೆ ಮೂಲ ಬೇಡ. ಯುಜಿಸಿ ನಿಯಮದಲ್ಲೇ ಇದೆ, 14 ಪದದವರೆಗೆ ಬಿಡ್ತಾರೆ.

ಲೈಬ್ರರಿ ಮೂಲೆ

ಆ 14 ಇರೋದು ಹೋಲಿಕೆ ಎಣಿಸುವಾಗ. ಎಲ್ಲರೂ ಬಳಸೋ ಮಾತು, ಆಕಸ್ಮಿಕವಾಗಿ ಹೊಂದಿದ ಪದಗಳು ಸಾಲಾಗಿ 14ರವರೆಗೆ ಬಂದರೆ ಲೆಕ್ಕಕ್ಕೆ ಹಿಡಿಯಬೇಡಿ ಅಂತ. ಯಾರದ್ದಾದರೂ ವಾಕ್ಯವನ್ನ 13 ಪದಕ್ಕೆ ಕತ್ತರಿಸಿ ತೆಗೆದುಕೊಳ್ಳಿ ಅಂತಲ್ಲ! ಅದೂ ಅಸೈನ್‌ಮೆಂಟಿಗೆ ಆ ನಿಯಮವೇ ಬರಲ್ಲ ಅಂತ ಮೇಲೆ ಹೇಳಿದ್ದೆ.

ಅಡಿಕೆ ತೋಟದವರಿಗೆ: ಮಗಳನ್ನ ಕಳ್ಳಿ ಅಂದಿಲ್ಲ, ಬೇಜಾರು ಮಾಡ್ಕೋಬೇಡಿ. ನೀವು ಹೇಳಿದ್ದರಲ್ಲಿ ಎರಡು ಥರದ ಮಾತಿದೆ. ಒಂದಕ್ಕೆ ಒಂದು, 100 ಲೀಟರ್ ನೀರಿಗೆ ಅನ್ನೋ ಅಳತೆ ಕೃಷಿ ಪುಸ್ತಕಗಳಲ್ಲೆಲ್ಲ ಇದೆ. ತಗ್ಗಿನ ಮರಗಳಿಗೆ ಮೊದಲು ಬರುತ್ತೆ ಅನ್ನೋದು ನಿಮ್ಮ ತೋಟದಲ್ಲಿ ನೀವು ಕಂಡದ್ದು, ಯಾವ ಪುಸ್ತಕದಲ್ಲೂ ನಿಮ್ಮ ತೋಟ ಇಲ್ಲ. ಅದಕ್ಕೆ ಮೂಲ ನೀವೇ. ‘ತಂದೆಯೊಂದಿಗೆ ಮಾತುಕತೆ, ಹೊಸನಗರ’ ಅಂತ ಬರೆದು ದಿನಾಂಕ ಹಾಕಿದರೆ ಆಯ್ತು, ಪುಟ ಸಂಖ್ಯೆ ಬೇಡ. ಮೂಲ ಬರೆಯೋಕೆ ಬೇರೆ ಬೇರೆ ಪದ್ಧತಿ ಇವೆ. ಎಪಿಎ ಪದ್ಧತಿಯಲ್ಲಾದರೆ ಇಂಥ ಮಾತುಕತೆಯನ್ನ ಬರಹದ ಒಳಗೆ ಮಾತ್ರ ಹೇಳ್ತಾರೆ, ಕೊನೆಯ ಪಟ್ಟಿಗೆ ಸೇರಿಸಲ್ಲ. ಓದುವವರು ಹೋಗಿ ತೆಗೆದು ನೋಡೋಕೆ ಆಗಲ್ಲ ಅಂತ. ಎಂಎಲ್‌ಎ ಪದ್ಧತಿಯಲ್ಲಿ ಸಂದರ್ಶನ ಅಂತ ಪಟ್ಟಿಯಲ್ಲೂ ಬರುತ್ತೆ. ಕಾಲೇಜಲ್ಲಿ ಯಾವುದು ಅಂತ ಕೇಳ್ಕೊಳ್ಳಲಿ.

ಹೊಸನಗರ ಅಡಿಕೆ ತೋಟ

ಅಂದ್ರೆ ನನ್ನ ಹೆಸರು ಬರುತ್ತೆ. ಆಯ್ತು ಬಿಡಿ, ಅದೇನೂ ಬೇಡ ಅನ್ನಲ್ಲ. ಆದರೆ ಅಳತೆಗೆ ಬೇಕಾ ಬೇಡವಾ ಅಂತ ನೀವು ಹೇಳಲೇ ಇಲ್ಲ.

ಲೈಬ್ರರಿ ಮೂಲೆ

ನಾನು ಬೇಕು ಅಂತೀನಿ. ಅಳತೆ ಅಂದಮೇಲೆ ಯಾರಾದರೂ ಅದನ್ನ ನೋಡಿ ಬೆರೆಸಬಹುದು. ತಪ್ಪಿದ್ದರೆ ಎಲ್ಲಿ ಹೋಗಿ ಸರಿ ನೋಡಬೇಕು ಅಂತ ತಿಳಿಯಬೇಕು.

ಘಟ್ಟದ ಮೇಲಿನ ಇಂಗ್ಲಿಷ್ ಮೇಡಂ

ನಾನು ಬೇಡ ಅಂತೀನಿ. ಮಲೆನಾಡಿನಲ್ಲಿ ಇದು ಅನ್ನಕ್ಕೆ ಎಷ್ಟು ನೀರು ಅನ್ನೋವಷ್ಟು ಗೊತ್ತಿರೋ ಮಾತು. ಪ್ರತಿ ಸಾಲಿಗೂ ಬ್ರಾಕೆಟ್ ಹಾಕಿಸಿದರೆ ಮಕ್ಕಳು ಬರೆಯೋದನ್ನೇ ಬಿಡ್ತಾರೆ.

ಲೈಬ್ರರಿ ಮೂಲೆ

ಓದುವವರು ಬೀದರ್‌ನವರಾದರೆ? ಅವರಿಗೆ ಇದು ಗೊತ್ತಿರೋ ಮಾತಲ್ಲ. 1957, ಕ್ಯಾಸನೂರು ಅನ್ನೋದಕ್ಕೂ ಇದೇ ಪ್ರಶ್ನೆ ಬರುತ್ತೆ. ಸೊರಬದ ಹುಡುಗನಿಗೆ ಅದು ಮನೆ ಮಾತು.

ಘಟ್ಟದ ಮೇಲಿನ ಇಂಗ್ಲಿಷ್ ಮೇಡಂ

ಓದೋದು ಬೀದರ್‌ನವರಲ್ಲ, ಅದೇ ಕಾಲೇಜಿನ ಮೇಷ್ಟ್ರು. ಇದರಲ್ಲಿ ನಾವಿಬ್ಬರೂ ಒಪ್ಪಲ್ಲ ಬಿಡಿ.

ತುಂಗಾ ದಡದ ಮೇಷ್ಟ್ರು

ಹಾಳೆ ಮಗುಚಿಸಿ ಬರೆಸಿ ನೋಡಿದೆ. ಕೆಲವರದ್ದು ನಿಜವಾಗಿಯೂ ಚೆನ್ನಾಗಿ ಬಂತು. ಒಬ್ಬಳು ಮಂಗನ ಮೈಮೇಲಿಂದ ಶುರು ಮಾಡಿ ತನ್ನ ಅಜ್ಜಿಯ ಸೌದೆ ಹೊರೆಯವರೆಗೆ ತಂದಿದ್ದಾಳೆ, ಬ್ರಾಕೆಟ್ ಕೂಡ ಅಜ್ಜಿಗಿಂತ ಮೊದಲೇ ಮುಗಿದಿದೆ. ಆದರೆ ಹೊಸದೊಂದು ತೊಂದರೆ. ಹಾಳೆ ಮುಚ್ಚಿದ ಮೇಲೂ ಐದಾರು ಜನ ನನ್ನ ಟಿಪ್ಪಣಿಯನ್ನ ಅಕ್ಷರ ಬಿಡದೆ ಬರೆದಿದ್ದಾರೆ. ಬಾಯಿಪಾಠ! ಪ್ರಶ್ನೆ ಕೊನೆಯಿಂದ ಕೇಳಿದರೂ ಉತ್ತರ ‘1957ರಲ್ಲಿ ಸೊರಬ ತಾಲ್ಲೂಕಿನ’ ಅಂತಲೇ ಶುರು. ಎರಡು ಸಲ ಓದಿದರೆ ಅವರಿಗೆ ಬಾಯಿಗೆ ಬಂದುಬಿಡುತ್ತೆ.

ಬಿಎಸ್ಸಿ ಫಸ್ಟ್ ಸೆಮ್

ಅವರು ಜಾಣರು ಸರ್. ನಮಗೆ ಹತ್ತು ಸಲ ಓದಿದರೂ ಬರಲ್ಲ.

ಲೈಬ್ರರಿ ಮೂಲೆ

ಅಂಥವರಿಗೆ ವಾಕ್ಯದಿಂದ ವಾಕ್ಯಕ್ಕೆ ಹೋಗೋಕೆ ಬಿಡಬಾರದು. ನಡುವೆ ವಾಕ್ಯ ಇಲ್ಲದ ಒಂದು ಮೆಟ್ಟಿಲು ಇಡಿ. ಓದಿದ ಮೇಲೆ ಬರೀ ಚಿತ್ರ ಮಾಡಿಸಿ. ಮಂಗ, ಉಣುಗು, ನೆಲ, ಮನುಷ್ಯ ಅಂತ ನಾಲ್ಕು ಗುಂಡು, ನಡುವೆ ಬಾಣ. ಬಾಣದ ಮೇಲೆ ಒಂದೋ ಎರಡೋ ಪದ, ಅಷ್ಟೇ. ಉಣುಗಿನಿಂದ ಮನುಷ್ಯನಿಗೆ ಹೋಗೋ ಬಾಣ ದಪ್ಪ ಇರಲಿ, ‘ಮುಖ್ಯವಾಗಿ’ ಅನ್ನೋದು ಅಲ್ಲಿ ಉಳಿಯುತ್ತೆ. ಟಿಪ್ಪಣಿ ವಾಪಸ್ ತೆಗೆದುಕೊಳ್ಳಿ. ಮಾರನೇ ದಿನ ಚಿತ್ರ ಮಾತ್ರ ಕೊಟ್ಟು ಬರೆಸಿ. ಬಾಯಿಪಾಠದವರಿಗೂ ರಾತ್ರಿ ಕಳೆದ ಮೇಲೆ ವಾಕ್ಯ ಅಷ್ಟು ಗಟ್ಟಿ ಇರಲ್ಲ. ಎಲ್ಲರಿಗೂ ಕೆಲಸ ಮಾಡುತ್ತೆ ಅಂತ ಹೇಳಲ್ಲ. ಒಬ್ಬಿಬ್ಬರು ಚಿತ್ರದ ಕೆಳಗೆ ಪೆನ್ಸಿಲ್‌ನಲ್ಲಿ ಪೂರ್ತಿ ಪ್ಯಾರಾ ಬರೆದುಕೊಂಡಿರ್ತಾರೆ, ಹಾಳೆ ಹಿಂದೆ ತಿರುಗಿಸಿ ನೋಡಿ.

ಘಟ್ಟದ ಮೇಲಿನ ಇಂಗ್ಲಿಷ್ ಮೇಡಂ

ಎರಡು ದಿನದ ಕೆಲಸ ಒಂದು ಪ್ಯಾರಾಕ್ಕೆ. ಸಿಲಬಸ್ ಯಾವಾಗ ಮುಗಿಸ್ತೀರಿ?

ತುಂಗಾ ದಡದ ಮೇಷ್ಟ್ರು

ಅದೇ ಪ್ರಶ್ನೆ ನಮ್ಮ ಎಚ್‌ಒಡಿ ಕೂಡ ಕೇಳಿದರು. ಒಂದು ಅಸೈನ್‌ಮೆಂಟ್ ಕೈಬಿಟ್ಟು ಇದಕ್ಕೆ ಸಮಯ ಮಾಡ್ಕೊಳ್ತೀನಿ ಅಂದಿದ್ದೀನಿ, ಇನ್ನೂ ಹೂಂ ಅಂದಿಲ್ಲ. ಸೋಮವಾರ ಚಿತ್ರ ಮಾಡಿಸ್ತೀನಿ. ಮಂಗಳವಾರ ಬಂದ ಪ್ಯಾರಾಗಳಲ್ಲಿ ಒಂದೆರಡನ್ನ, ಮಕ್ಕಳು ಒಪ್ಪಿದರೆ ಹೆಸರು ತೆಗೆದು, ಇಲ್ಲಿ ಹಾಕ್ತೀನಿ.

ಲೈಬ್ರರಿ ಮೂಲೆ

ಹಾಕಿ. ಪೆನ್ಸಿಲ್‌ನವರದ್ದೂ ಒಂದು ಇರಲಿ.